ಶಬ್ದವಿಚಾರ: ವೀಸಾ ಅರ್ಜಿಯ ಮೂರು ಮಾತುಗಳು

ಪೆರುಂಗುಡಿಯ ಕನ್ನಡಿಗನೊಬ್ಬ ಎಚ್-1ಬಿ ವೀಸಾದ ಮೇಲೆ ಮಡದಿಮಕ್ಕಳೊಡನೆ ಅಮೆರಿಕದ ಡಲ್ಲಾಸಿಗೆ ಹೊರಟಿರುವನೆಂದು ಇಟ್ಟುಕೊಳ್ಳೋಣ. ಅರ್ಜಿಯ ಮೂರು ಮಾತುಗಳನ್ನು ನಾವು ಅವನ ಸಂಸಾರಕ್ಕೇ ಹೊಂದಿಸಿ ನೋಡುವೆವು.

ಸ್ಪಾನ್ಸರ್ ಎಂದರೆ ಇಲ್ಲಿ ಖರ್ಚು ವಹಿಸುವ ನೆಂಟನಲ್ಲ. ಅವನನ್ನು ಕೆಲಸಕ್ಕೆ ಕರೆಸಿಕೊಳ್ಳಲು ಸರ್ಕಾರಕ್ಕೆ ಅರ್ಜಿ ಹಾಕಿದ ಅಲ್ಲಿನ ಕಂಪನಿ.

ಡಿಪೆಂಡೆಂಟ್ ಎಂದರೆ ‘ಅವಲಂಬಿತರು’ ಎಂದು ತಿಳಿದು ನಮ್ಮವರು ವೃದ್ಧ ತಾಯಿಯನ್ನೂ ಸೇರಿಸುವುದುಂಟು. ಆದರೆ ಅವನನ್ನು ಅನುಸರಿಸಿ ಎಚ್-4 ವೀಸಾ ದೊರೆಯುವುದು ಹೆಂಡತಿಗೂ, 21 ವರ್ಷ ತುಂಬದ ಅವಿವಾಹಿತ ಮಕ್ಕಳಿಗೂ ಮಾತ್ರ. ತಾಯಿ ಮಗನ ಅನ್ನವನ್ನೇ ಉಣ್ಣುತ್ತಿದ್ದರೂ ಬೇರೆಯಾಗಿ ಸಂದರ್ಶಕರ ವೀಸಾ ಕೇಳಬೇಕು. ಅದರಲ್ಲಿ ಹೋಗಿಬರಬಹುದು, ನೆಲಸುವಂತಿಲ್ಲ.

ಪೋರ್ಟ್ ಆಫ್ ಎಂಟ್ರಿ ಎಂಬುದು ಪ್ರಯಾಣದ ಕೊನೆಯ ಊರಲ್ಲ. ಫ್ರಾಂಕ್‌ಫರ್ಟ್, ಚಿಕಾಗೋ ಮಾರ್ಗವಾಗಿ ಹೋದರೆ, ಅಮೆರಿಕದ ನೆಲದಲ್ಲಿ ಮೊದಲು ಇಳಿಯುವ ಚಿಕಾಗೋ ಅದು. ವೀಸಾ ಬಾಗಿಲವರೆಗಿನ ಚೀಟಿ. ಒಳಗೆ ಬಿಡುವುದೂ ಬಿಡದಿರುವುದೂ ಅಲ್ಲಿನ ಅಧಿಕಾರಿಯ ಕೈಯಲ್ಲಿದೆ. ಇರಬಹುದಾದ ಕೊನೆಯ ತಾರೀಖು ಐ-94 ಎಂಬ ದಾಖಲೆಯಲ್ಲಿರುತ್ತದೆ, ವೀಸಾದಲ್ಲಲ್ಲ.

ಪಾಸ್‌ಪೋರ್ಟು ಬೇಗ ಮುಗಿಯುವಂತಿದ್ದರೆ ಈ ತಾರೀಖೂ ಅಲ್ಲಿಗೇ ಮೊಟಕಾಗುವುದುಂಟು. ಮಕ್ಕಳ ಪಾಸ್‌ಪೋರ್ಟು ಸಾಮಾನ್ಯವಾಗಿ 5 ವರ್ಷದ್ದೇ ಆದ್ದರಿಂದ, ತಂದೆಗೆ 3 ವರ್ಷ ದೊರೆತಾಗ ಮಗುವಿಗೆ ಒಂದೇ ವರ್ಷ ದೊರೆಯಬಹುದು. ಇಳಿದ ವಾರದಲ್ಲೇ i94.cbp.dhs.gov ತಾಣದಲ್ಲಿ ಒಬ್ಬೊಬ್ಬರ ತಾರೀಖನ್ನೂ ಬೇರೆಬೇರೆಯಾಗಿ ನೋಡಿ ಬರೆದಿಟ್ಟುಕೊಳ್ಳತಕ್ಕದ್ದು.