ಅಂಗಡಿಯವರಿಗೆ ಬಣ್ಣದ ಗ್ರಾಫ್ ಬೇಡ, ಒಂದು ಹಾಳೆ ಸಾಕು

ಮುಳಬಾಗಿಲಿನ ದಿನಸಿ ಅಂಗಡಿಯವರಿಗೆ ಡ್ಯಾಶ್‌ಬೋರ್ಡ್ ಅಂದರೆ ಆಗುವುದಿಲ್ಲ ಎಂದ ಕೂಡಲೇ "ಅವರಿಗೆ ತಿಳಿಯಲ್ಲ ಬಿಡಿ" ಅನ್ನುತ್ತಾರೆ ಆಪ್ ಮಾರಲು ಬರುವ ಹುಡುಗರು. ಇದು ಸುಳ್ಳು. ಮೂವತ್ತು ಮನೆಗಳ ಸಾಲವನ್ನು ಬಾಯಲ್ಲೇ ಹೇಳುವವರಿಗೆ ಲೆಕ್ಕ ತಿಳಿಯದೇ? ಅವರಿಗೆ ಬೇಡವಾಗಿರುವುದು ಲೆಕ್ಕವಲ್ಲ, ತಮ್ಮ ವ್ಯಾಪಾರಕ್ಕೆ ಹೊಂದದ ಲೆಕ್ಕ.

ಫೋನಿನ ಗ್ರಾಫ್ ಫೋನಿಗೆ ಬಂದ ಹಣವನ್ನಷ್ಟೇ ನೋಡುತ್ತದೆ. ಗಲ್ಲಾಪೆಟ್ಟಿಗೆ ಅದಕ್ಕೆ ಕಾಣದು, ಸಾಲದ ಪುಸ್ತಕವೂ ಕಾಣದು. ನಮ್ಮ ಹಳ್ಳಿ ಅಂಗಡಿಯ ವ್ಯಾಪಾರ ಈ ಮೂರರಲ್ಲೂ ಹಂಚಿಹೋಗಿದೆ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಈ ವಾರ ಅಂಗಡಿಗೆ ನಗದು 31,400 ರೂಪಾಯಿ, ಫೋನಿನಲ್ಲಿ 22,600 ರೂಪಾಯಿ ಬಂತು. ಒಟ್ಟು 54,000. ಅದರಲ್ಲಿ 9,500 ಹಳೆಯ ಸಾಲ ತೀರಿಸಿದ ಹಣ. ಆ ಸಾಮಾನು ಎಂದೋ ಹೋಗಿದೆ, ಹಾಗಾಗಿ ಅದನ್ನು ಕಳೆಯಬೇಕು. ಈ ವಾರ ಹೊಸದಾಗಿ ಸಾಲಕ್ಕೆ ಕೊಟ್ಟ ಸಾಮಾನು 12,200. ದುಡ್ಡು ಬಂದಿಲ್ಲ, ಆದರೆ ಸರಕು ಹೋಗಿದೆ, ಅದನ್ನು ಕೂಡಿಸಬೇಕು. ನಿಜವಾದ ವ್ಯಾಪಾರ 56,700.

ಎರಡು ವಾರದ ಹಿಂದೆ ನಗದು 34,000, ಫೋನಿನಲ್ಲಿ 18,000 ಬಂದಿತ್ತು. ತೀರಿದ ಸಾಲ 2,500, ಹೊಸ ಸಾಲ 9,000. ವ್ಯಾಪಾರ 58,500. ಈಗ ನೋಡಿ: ಫೋನಿನ ಗ್ರಾಫ್ ಕಾಲು ಭಾಗ ಏರಿದೆ ಎಂದು ಹಸಿರು ಬಾಣ ತೋರಿಸುತ್ತದೆ, ವ್ಯಾಪಾರ ಮಾತ್ರ 1,800 ರೂಪಾಯಿ ಇಳಿದಿದೆ. ಆ ಬಾಣ ನಂಬಿ ಹೆಚ್ಚು ಸರಕು ತಂದು ಹಾಕಿದರೆ ನಷ್ಟ ಯಾರಿಗೆ?

ಹೋದ ವಾರ ಬಿಟ್ಟು ಎರಡು ವಾರದ ಹಿಂದಿನದನ್ನೇ ಯಾಕೆ ಹೋಲಿಸಿದೆ ಎಂದು ಕೇಳಬಹುದು. ಡೇರಿ ಬಟವಾಡೆ ಹದಿನೈದು ದಿನಕ್ಕೊಮ್ಮೆ ಆಗುವ ಊರಿನಲ್ಲಿ ಬಟವಾಡೆ ವಾರ ಬೇರೆ, ಖಾಲಿ ವಾರ ಬೇರೆ. ಎರಡನ್ನೂ ಪಕ್ಕದಲ್ಲಿಟ್ಟರೆ ಪ್ರತಿ ವಾರವೂ ಏರಿಳಿತವೇ ಕಾಣುತ್ತದೆ. ಬಟವಾಡೆ ಆದ ವಾರಕ್ಕೆ ಹಾಳೆಯ ಮೇಲೆ ಒಂದು ಗುರುತು ಹಾಕಿ, ಗುರುತಿದ್ದ ವಾರವನ್ನು ಗುರುತಿದ್ದ ವಾರಕ್ಕೇ ಹೋಲಿಸಿ. ಶ್ರೀನಿವಾಸಪುರದಲ್ಲಿ ಮಾವಿನ ಸುಗ್ಗಿ ಬಂದರೆ ಈ ಹೋಲಿಕೆಯೂ ಸಾಲದು, ಹೋದ ವರ್ಷದ ಸುಗ್ಗಿಯ ಹಾಳೆ ಬೇಕು. ಅದಕ್ಕೇ ಹಾಳೆಗಳನ್ನು ಒಂದು ಫೈಲಿಗೆ ಹಾಕಿಡಿ.

ಹಾಳೆಯಲ್ಲಿ ನಾಲ್ಕೇ ಭಾಗ ಇರಲಿ. ಮೇಲೆ ದೊಡ್ಡ ಅಂಕಿಯಲ್ಲಿ ಈ ವಾರದ ವ್ಯಾಪಾರ, ಪಕ್ಕದಲ್ಲಿ ಹೋಲಿಸುವ ವಾರದ್ದು. ಅದರ ಕೆಳಗೆ ಸಾಲ: ವಾರದ ಮೊದಲು 41,000 ಬರಬೇಕಿತ್ತು, 12,200 ಸೇರಿತು, 9,500 ತೀರಿತು, ಈಗ 43,700. ಜೊತೆಗೆ ಬಹಳ ದಿನದಿಂದ ಕೊಡದ ಐದು ಹೆಸರು. ಮೂರನೆಯದು ವಾರ ಮುಗಿಯುವ ಮೊದಲೇ ಖಾಲಿಯಾದ ಸರಕು, ಯಾವ ದಿನ ಖಾಲಿಯಾಯಿತು ಎಂಬುದರ ಸಮೇತ. ಕೊನೆಯದು ತಿಂಗಳಿನಿಂದ ಅಲುಗಾಡದೆ ಕೂತ ಸರಕು. ಐದನೆಯ ಭಾಗ ಸೇರಿಸುವ ಆಸೆಯಾದರೆ, ಅದನ್ನು ನೋಡಿ ಸೋಮವಾರ ಏನು ಬದಲಾಯಿಸುತ್ತೀರಿ ಎಂದು ಕೇಳಿಕೊಳ್ಳಿ. ಉತ್ತರ ಇಲ್ಲವಾದರೆ ಬಿಡಿ.

ಈ ಹಾಳೆ ಕೆಡುವುದು ಹೆಚ್ಚಾಗಿ ನಗದಿನ ಸಾಲಿನಲ್ಲಿ. ರಾತ್ರಿ ಗಲ್ಲಾ ಎಣಿಸಿ ಬೆಳಿಗ್ಗೆ ಇಟ್ಟ ಚಿಲ್ಲರೆ ಕಳೆಯುತ್ತಾರೆ, ಸರಿ. ಮಧ್ಯಾಹ್ನ ಸರಕಿನ ಗಾಡಿಯವನಿಗೆ ಕೊಟ್ಟದ್ದು, ಮನೆ ಖರ್ಚಿಗೆ ತೆಗೆದದ್ದು ಕೂಡಿಸುವುದನ್ನು ಮರೆಯುತ್ತಾರೆ. ಸರಕಿನ ಗಾಡಿ ಬಂದ ದಿನವೇ ನಗದು ಕುಸಿದಂತೆ ಕಂಡರೆ ತಪ್ಪು ಇಲ್ಲೇ ಇದೆ ಎಂದು ತಿಳಿಯಿರಿ. ಗಲ್ಲಾದೊಳಗೆ ಒಂದು ಚೀಟಿ ಇಟ್ಟು, ತೆಗೆದಾಗಲೆಲ್ಲ ಬರೆಯುವುದೇ ಮದ್ದು.

ಈ ಹಾಳೆ ಲಾಭ ಹೇಳುವುದಿಲ್ಲ. ಲಾಭಕ್ಕೆ ಕೊಂಡ ಬೆಲೆ ಬೇಕು, ಅಂಗಡಿಯಲ್ಲಿ ಉಳಿದ ಸರಕಿನ ಎಣಿಕೆ ಬೇಕು. ಹೇಳುತ್ತದೆ ಎಂದು ಯಾರಾದರೂ ಮಾರಲು ಬಂದರೆ ನಂಬಬೇಡಿ.

ಇನ್ನೊಂದು ಮಾತು. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮೆ ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಾಗ ಎಷ್ಟೋ ಅಂಗಡಿಯವರು ಕ್ಯೂಆರ್ ಹಾಳೆಯನ್ನೇ ಕಿತ್ತು ಹಾಕಿದರು. ಕಿತ್ತರೆ ಲೆಕ್ಕ ಸಿಗುತ್ತದೆಯೇ? ಸರಕು ಮಾರುವವರಿಗೆ ಜಿಎಸ್‌ಟಿ ನೋಂದಣಿಯ ಗೆರೆ ವರ್ಷಕ್ಕೆ 40 ಲಕ್ಷ ವಹಿವಾಟು. ನಮ್ಮ ಉದಾಹರಣೆಯ ಅಂಗಡಿ ವಾರಕ್ಕೆ 56,700ರಂತೆ ವರ್ಷಕ್ಕೆ ಸುಮಾರು 29.5 ಲಕ್ಷ. ಫೋನಿಗೆ ಬಂದ ಹಣದಲ್ಲಿ ಯಾವುದು ವ್ಯಾಪಾರ, ಯಾವುದು ತೀರಿದ ಸಾಲ, ಯಾವುದು ಅಳಿಯ ಕಳಿಸಿದ್ದು ಎಂದು ತೋರಿಸುವ ಬರಹ ಕೈಯಲ್ಲಿದ್ದರೆ ಮಾತಾಡಲು ಆಧಾರವಿರುತ್ತದೆ. ಹಸಿರು ಬಾಣಕ್ಕೆ ಆ ವ್ಯತ್ಯಾಸ ಗೊತ್ತಿಲ್ಲ.

ಆಪ್ ಮಾಡುವವರಿಗೆ ನಮ್ಮ ಅಂಗಡಿಯವರ ಮೇಲೆ ನಿಜವಾಗಿ ಕಾಳಜಿ ಇದ್ದರೆ, ಭಾನುವಾರ ರಾತ್ರಿ ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ, ಈ ಒಂದು ಪುಟ ಬರುವಂತೆ ಮಾಡಲಿ. ಅಲ್ಲಿಯವರೆಗೆ ಪಿಯುಸಿ ಓದುವ ಮಗಳು ರೂಲ್ ಹಾಳೆಯಲ್ಲಿ ಅರ್ಧ ಗಂಟೆಯಲ್ಲಿ ಬರೆದು ಕೊಡುವುದೇ ಮೇಲು.