ನಿಧಾನಕ್ಕೆ ಮಾರುವ ಕಲ್ಲು, ಬೇಗ ಮಾರುವ ಕೊಬ್ಬರಿ

ಅರಸೀಕೆರೆಯಲ್ಲಿ ಕೂತು ಆನ್‌ಲೈನಿನಲ್ಲಿ ಮಾರುವ ಒಂದು ಅಂಗಡಿ ಇದೆ ಎಂದಿಟ್ಟುಕೊಳ್ಳೋಣ. ಮಾಲು ಎರಡೇ ಬಗೆ. ಒಂದು, ತಾಲ್ಲೂಕಿನ ತೋಟಗಳ ಉಂಡೆ ಕೊಬ್ಬರಿ, ಕಿಲೋ ₹400. ಇನ್ನೊಂದು, ಬೇಲೂರಿನ ದರ್ಪಣಸುಂದರಿಯ ಆರಿಂಚಿನ ಬಳಪದ ಕಲ್ಲಿನ ಪ್ರತಿಕೃತಿ, ಬೆಲೆ ₹2,400. ಎರಡಕ್ಕೂ ಗೂಗಲ್ ಶಾಪಿಂಗ್ ಜಾಹೀರಾತು ಇದೆ. ಕೊಬ್ಬರಿ ದಿನವೂ ಹೋಗುತ್ತದೆ, ಶಿಲ್ಪ ತಿಂಗಳಿಗೆ ಒಂದೋ ಎರಡೋ. ಜಾಹೀರಾತಿನ ದುಡ್ಡನ್ನು ಯಾವುದರ ಮೇಲೆ ಹಾಕಬೇಕು? ಓಡುವ ಮಾಲಿನ ಮೇಲೆ ಎಂದು ಹತ್ತರಲ್ಲಿ ಒಂಬತ್ತು ವ್ಯಾಪಾರಿಗಳು ಹೇಳುತ್ತಾರೆ. ಅದು ತಪ್ಪು ಎಂಬುದು ನನ್ನ ವಾದ.

ಲೆಕ್ಕ ಮಾಡಿ ನೋಡೋಣ. ಅಂಕಿಗಳು ಉದಾಹರಣೆಗೆ ಇಟ್ಟುಕೊಂಡವು. ಖರೀದಿ, ಪ್ಯಾಕಿಂಗ್, ಕೊರಿಯರ್ ಎಲ್ಲ ಕಳೆದು ಕೊಬ್ಬರಿಯಲ್ಲಿ ಕಿಲೋಗೆ ₹50 ಉಳಿಯುತ್ತದೆ, ಶಿಲ್ಪದಲ್ಲಿ ₹900. ಜಾಹೀರಾತು ಒತ್ತಿ ಬಂದ ನೂರು ಜನರಲ್ಲಿ ಇಬ್ಬರು ಕೊಬ್ಬರಿ ಕೊಳ್ಳುತ್ತಾರೆ. ಶಿಲ್ಪಕ್ಕೆ ಇನ್ನೂರು ಜನರಲ್ಲಿ ಒಬ್ಬರು. ಎರಡಕ್ಕೂ ಕ್ಲಿಕ್ಕಿಗೆ ₹2 ಖರ್ಚಾಗಿ, ಸಾವಿರ ಸಾವಿರ ಕ್ಲಿಕ್ ಬಂದವು ಎನ್ನಿ. ಕೊಬ್ಬರಿಯ ವಹಿವಾಟು ₹8,000. ಹಾಕಿದ ರೂಪಾಯಿಗೆ ನಾಲ್ಕು ರೂಪಾಯಿ ಬಂತು ಎಂದು ಪರದೆ ತೋರಿಸುತ್ತದೆ, ನೋಡಿದವರಿಗೆ ಖುಷಿಯೂ ಆಗುತ್ತದೆ. ಆದರೆ ಉಳಿದ ಲಾಭ ₹1,000, ಜಾಹೀರಾತಿಗೆ ಹೋದದ್ದು ₹2,000. ಶಿಲ್ಪ ಐದೇ ಮಾರಿದರೂ ₹4,500 ಉಳಿಯಿತು, ಜಾಹೀರಾತು ಕಳೆದು ₹2,500. ಅಂದರೆ ಕೊಬ್ಬರಿ ಒಂದು ಕ್ಲಿಕ್ಕಿಗೆ ಹೆಚ್ಚೆಂದರೆ ಒಂದು ರೂಪಾಯಿ ತಡೆಯುತ್ತದೆ. ಶಿಲ್ಪ ನಾಲ್ಕೂವರೆ ರೂಪಾಯಿ ತಡೆಯುತ್ತದೆ. ಒಂದೇ ಬಿಡ್ ಇಟ್ಟಾಗ, ಹುಡುಕುವವರು ಜಾಸ್ತಿ ಇರುವ ಕೊಬ್ಬರಿಯೇ ಬಜೆಟ್ಟನ್ನೆಲ್ಲ ನುಂಗುತ್ತದೆ.

ಗೂಗಲ್ಲಿಗೆ ನಮ್ಮ ಲಾಭ ಎಷ್ಟೆಂದು ನಾವು ಹೇಳದೆ ಗೊತ್ತಾಗುವುದಿಲ್ಲ. ಹೇಳುವ ಒಂದು ದಾರಿ ಕಸ್ಟಮ್ ಲೇಬಲ್. ಮರ್ಚೆಂಟ್ ಸೆಂಟರಿಗೆ ಕೊಡುವ ಮಾಲಿನ ಪಟ್ಟಿಯಲ್ಲಿ `custom_label_0`ರಿಂದ `custom_label_4`ರವರೆಗೆ ಐದು ಕಾಲಂ ನಮ್ಮ ಇಷ್ಟಕ್ಕೆ ಬಿಟ್ಟಿವೆ. ಅದರಲ್ಲಿ ಬರೆದದ್ದು ಗಿರಾಕಿಗೆ ಕಾಣದು. ನಾನಾದರೆ ಲಾಭಕ್ಕೊಂದು, ಮಾರಾಟದ ವೇಗಕ್ಕೊಂದು ಬೇರೆ ಬೇರೆ ಕಾಲಂ ಇಡುತ್ತೇನೆ:

```
id,custom_label_0,custom_label_1
kobbari-1kg,labha-kadime,vega
darpana-6in,labha-hechchu,nidhana
```

ಆಮೇಲೆ ಕ್ಯಾಂಪೇನಿನಲ್ಲಿ ಮಾಲನ್ನು ಈ ಲೇಬಲ್ ಪ್ರಕಾರ ಗುಂಪು ಮಾಡಿ, ಒಂದೊಂದು ಗುಂಪಿಗೆ ಒಂದೊಂದು ಬಿಡ್ ಕೊಡಬಹುದು. ಇದು ಕೈಯಾರೆ ಬಿಡ್ ಇಡುವ ಸ್ಟ್ಯಾಂಡರ್ಡ್ ಶಾಪಿಂಗ್ ಕ್ಯಾಂಪೇನಿನ ಮಾತು. ಪರ್ಫಾರ್ಮೆನ್ಸ್ ಮ್ಯಾಕ್ಸಿನಲ್ಲಿ ಗುಂಪಿಗೊಂದು ಬಿಡ್ ಇಡಲು ಆಗುವುದಿಲ್ಲ. ಲೇಬಲಿಗೊಂದು ಕ್ಯಾಂಪೇನ್ ಮಾಡಿ, ಅದರ ಗುರಿಯನ್ನು ಬೇರೆ ಮಾಡಬೇಕು.

ವೇಗವನ್ನೂ ಲಾಭವನ್ನೂ ಬೆರೆಸಬಾರದು ಎಂದು ನಾನು ಪಟ್ಟು ಹಿಡಿಯಲು ಕಾರಣವಿದೆ. ಮಾರಾಟ ಕಡಿಮೆ ಎಂದು ಶಿಲ್ಪದ ಬಿಡ್ ಇಳಿಸಿದರೆ ಜಾಹೀರಾತು ಕಾಣುವುದೇ ಕಡಿಮೆಯಾಗುತ್ತದೆ. ಮಾರಾಟ ಇನ್ನೂ ಇಳಿಯುತ್ತದೆ, ನಮ್ಮ ಲೇಬಲ್ ಸರಿ ಎಂದು ನಮಗೇ ಅನ್ನಿಸುತ್ತದೆ. ಆದ್ದರಿಂದ ನಿಧಾನ ಎಂದು ಬರೆಯುವ ಮುಂಚೆ ಮಾರಾಟವನ್ನಲ್ಲ, ಕ್ಲಿಕ್ಕುಗಳನ್ನು ಎಣಿಸಬೇಕು. ಇನ್ನೂರಕ್ಕೆ ಒಂದು ಮಾರುವ ಶಿಲ್ಪ ನಲವತ್ತು ಕ್ಲಿಕ್ಕಿನಲ್ಲಿ ಮಾರದಿದ್ದರೆ ಅದರಿಂದ ಏನೂ ತಿಳಿಯುವುದಿಲ್ಲ. ಅಂಥ ಶಿಲ್ಪಕ್ಕೆ ಆರುನೂರು ಕ್ಲಿಕ್ ಬಂದೂ ಬರಿಯ ಅದೃಷ್ಟದ ಆಟದಿಂದ ಒಂದೂ ಹೋಗದಿರುವುದು ಇಪ್ಪತ್ತರಲ್ಲಿ ಒಂದು ಸಲ ಮಾತ್ರ. ಆಗ ಬಿಡ್ ಇಳಿಸುವುದು ನ್ಯಾಯ.

ದುಡ್ಡು ಮಾಲಿನಲ್ಲಿ ಸಿಕ್ಕಿಕೊಂಡಿದೆ, ಹೆಚ್ಚು ಬಿಡ್ ಹಾಕಿ ಖಾಲಿ ಮಾಡೋಣ ಎನ್ನುವವರೂ ಇದ್ದಾರೆ. ಆದರೆ ಬಿಡ್ ಜನರನ್ನು ಬಾಗಿಲಿಗೆ ತರುತ್ತದೆ ಅಷ್ಟೆ; ಬಂದವರು ಬೆಲೆ ನೋಡಿ ವಾಪಸ್ಸು ಹೋಗುತ್ತಿದ್ದರೆ ಇಳಿಸಬೇಕಾದ್ದು ಬೆಲೆಯನ್ನು. ಬೇಲೂರು ಕಡೆಯ ಕಾಫಿಪುಡಿಗೆ ಈ ಅವಸರ ಸರಿ, ಅದರ ಘಮ ಹಾರಿಹೋಗುತ್ತದೆ. ಹಳೇಬೀಡಿನ ಗುಡಿಗಳಲ್ಲಿ ಒಂಬೈನೂರು ವರ್ಷದಿಂದ ನಿಂತಿರುವ ಕಲ್ಲಿನ ಜಾತಿಯದು ಕಪಾಟಿನಲ್ಲಿ ಇನ್ನೊಂದು ವರ್ಷ ಕೂತರೆ ಕೆಡುವುದಿಲ್ಲ.

ದೊಡ್ಡ ತೊಡಕು ಬೇರೆಡೆ ಇದೆ. ಲೇಬಲ್ ತಾನಾಗಿ ಬದಲಾಗುವುದಿಲ್ಲ, ಕೊಬ್ಬರಿ ಬೆಲೆ ನಿಲ್ಲುವುದಿಲ್ಲ. 2025ರ ಹಂಗಾಮಿಗೆ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ಕೊಟ್ಟ ಬೆಂಬಲ ಬೆಲೆ ಕ್ವಿಂಟಲಿಗೆ ₹12,100. ಆ ವರ್ಷ ಮಾರುಕಟ್ಟೆ ಅದನ್ನು ಬಹಳ ಹಿಂದೆ ಬಿಟ್ಟು ಏರಿತು. ಖರೀದಿ ಕಿಲೋಗೆ ₹30 ಏರಿ ನಾವು ಮಾರುವ ಬೆಲೆ ಹಾಗೇ ಇದ್ದರೆ, ಉಳಿಯುವುದು ₹50 ಅಲ್ಲ, ₹20. ಕ್ಲಿಕ್ಕಿಗೆ ಕೊಡಬಹುದಾದದ್ದು ನಲವತ್ತು ಪೈಸೆ. ಹಾಗಾಗಿ ಎಪಿಎಂಸಿಯ ಹರಾಜು ಮುಗಿದ ದಿನವೇ ಲೇಬಲಿನ ಪಟ್ಟಿಯನ್ನು ತೆರೆದು ನೋಡಬೇಕು. ಜೊತೆಗೆ `Everything else` ಎಂಬ ಗುಂಪನ್ನೂ ನೋಡಬೇಕು: ಲೇಬಲ್ ಮರೆತ ಮಾಲು, `labha-kadime` ಬದಲು `laba-kadime` ಎಂದು ಬರೆದ ಮಾಲು ಎಲ್ಲವೂ ಅಲ್ಲಿಗೇ ಬಂದು ಬೀಳುತ್ತವೆ. ಅಲ್ಲಿ ಹಳೆಯ ಎರಡು ರೂಪಾಯಿ ಬಿಡ್ ಇನ್ನೂ ಕೂತಿದ್ದರೆ, ಅದನ್ನು ಮೊದಲು ಮೂವತ್ತು ಪೈಸೆಗೆ ಇಳಿಸಿ.