ಆಷಾಢ ದಾಟಿಸುವ ಎರಡನೇ ಕಸುಬು

ಜಯನಗರ ನಾಲ್ಕನೇ ಬ್ಲಾಕಿನ ಆಸುಪಾಸಿನಲ್ಲಿ ರವಿಕೆ ಹೊಲಿಯುವವರನ್ನು ಆಷಾಢದಲ್ಲಿ ಮಾತಾಡಿಸಿ ನೋಡಿ. ಮದುವೆ, ಗೃಹಪ್ರವೇಶಗಳಿಲ್ಲದ ತಿಂಗಳದು. ಜೊತೆಗೆ ಇನ್ನೊಂದು ಕೆಲಸ ಇಟ್ಟುಕೊಳ್ಳಿ ಎಂದು ಎಲ್ಲರೂ ಸಲಹೆ ಕೊಡುತ್ತಾರೆ. ಯಾವುದನ್ನು ಎಂಬಲ್ಲಿ ಲೆಕ್ಕ ತಪ್ಪುತ್ತದೆ. ಹೊಲಿಗೆಯವರ ಕೈಗೆ ಸುಲಭವಾಗಿ ಸಿಗುವುದು ಸೀರೆಗೆ ಕುಚ್ಚು ಕಟ್ಟುವ ಕೆಲಸ. ಅದೇ ಗಿರಾಕಿ, ಅದೇ ಸೀರೆ. ಹಾಗಾಗಿ ಅದಕ್ಕೂ ಅದೇ ಆಷಾಢ.

ಬನಶಂಕರಿಯ ಒಬ್ಬ ಗೃಹಿಣಿ ಎಂದು ಊಹಿಸಿಕೊಳ್ಳಿ. ಮಾಮೂಲಿ ತಿಂಗಳಲ್ಲಿ ಹೊಲಿಗೆಯಿಂದ ಖರ್ಚು ಕಳೆದು 16,000 ರೂಪಾಯಿ, ಕುಚ್ಚಿನಿಂದ 8,000. ಆಷಾಢದಲ್ಲಿ ಎರಡೂ ಕಾಲುಭಾಗಕ್ಕೆ ಇಳಿದರೆ ಕೈಗೆ ಬರುವುದು 6,000. ಕುಚ್ಚಿನ ಬದಲು ಸಂಜೆ ಎಂಟು ಮಕ್ಕಳಿಗೆ ತಲಾ ಸಾವಿರಕ್ಕೆ ಮನೆಪಾಠ ಹೇಳಿದ್ದರೆ? ಮಾಮೂಲಿ ತಿಂಗಳ ಗಳಿಕೆ ಅಷ್ಟೇ 24,000. ಆದರೆ ಆಷಾಢದ ಹೊತ್ತಿಗೆ ಶಾಲೆ ಶುರುವಾಗಿರುತ್ತದೆ. ಹೊಲಿಗೆಯ 4,000ಕ್ಕೆ ಪಾಠದ 8,000 ಸೇರಿ 12,000 ಆಗುತ್ತದೆ. ಏಪ್ರಿಲ್-ಮೇನಲ್ಲಿ ಪಾಠ ನಿಂತರೂ ಆಗ ಮದುವೆಯ ಕಾಲ, ಮಷಿನ್‌ಗೆ ಬಿಡುವಿರುವುದಿಲ್ಲ.

ಮೂರನೆಯದಾಗಿ ನಾನು ಮೆಚ್ಚುವುದು ಸಂಡಿಗೆಯನ್ನು. ದುಡಿಮೆ ಒಂದು ಕಾಲಕ್ಕೆ, ದುಡ್ಡು ಇನ್ನೊಂದು ಕಾಲಕ್ಕೆ ಬರುವ ಕಸುಬು ಇದು. ಬೇಸಿಗೆಯ ಬಿಸಿಲಲ್ಲಿ ಇಟ್ಟದ್ದನ್ನು ಜನ ಕೇಳಿಕೊಂಡು ಬರುವುದು ಮಳೆ ಹಿಡಿದಾಗ. ಆಷಾಢದಲ್ಲಿ ಹನ್ನೆರಡು ಕಿಲೋ ಹೋಗಿ, ಕಿಲೋಗೆ 250 ರೂಪಾಯಿ ಉಳಿದರೂ ಮತ್ತೆ 3,000 ಸೇರುತ್ತದೆ. ಆದರೆ ಬೆಂಗಳೂರಿನ ಮೇ ತಿಂಗಳನ್ನು ನಂಬುವಂತಿಲ್ಲ, ಮಧ್ಯಾಹ್ನದ ಬಿಸಿಲು ಸಂಜೆಗೆ ಮಳೆಯಾಗುತ್ತದೆ. ಮಾರ್ಚ್-ಏಪ್ರಿಲ್‌ನಲ್ಲೇ ಮುಗಿಸಬೇಕು. ಮುರಿದಾಗ ಚಟ್ಟೆನ್ನದೆ ಬಾಗಿದರೆ ಒಳಗೆ ಹಸಿ ಉಳಿದಿದೆ ಎಂದರ್ಥ. ಹಾಗೇ ಡಬ್ಬಿಗೆ ತುಂಬಿದರೆ ಬೂಸ್ಟು ಹಿಡಿಯುತ್ತದೆ. ಮಾರುವುದಾದರೆ ಎಫ್‌ಎಸ್‌ಎಸ್‌ಎಐ ನೋಂದಣಿಯೂ ಬೇಕು. ಅಂಗಡಿಗೆ ಉದ್ರಿ ಕೊಟ್ಟರಂತೂ ಆಷಾಢದ ದುಡ್ಡು ಗೌರಿಹಬ್ಬಕ್ಕೆ ಬಂದೀತು, ಅಕ್ಕಪಕ್ಕದ ಮನೆಗಳಿಗೆ ನಗದಿಗೆ ಮಾರುವುದೇ ಲೇಸು.

ಈ ಹೊಂದಾಣಿಕೆಗೂ ಮಿತಿಯಿದೆ. ವರಮಹಾಲಕ್ಷ್ಮಿಯ ಮುಂಚಿನ ವಾರ ರವಿಕೆಗಳು ರಾಶಿ ಬೀಳುತ್ತವೆ, ಮಕ್ಕಳಿಗೆ ಟೆಸ್ಟೂ ಬಂದಿರುತ್ತದೆ. ಆಗ ಕೊರತೆಯಾಗುವುದು ದುಡ್ಡಲ್ಲ, ಹೊತ್ತು. ಒಪ್ಪಿಕೊಂಡ ರವಿಕೆ ಹಬ್ಬದ ಮಾರನೇ ದಿನ ಕೊಟ್ಟರೆ ಆ ಗಿರಾಕಿ ಮತ್ತೆ ಬರುವುದಿಲ್ಲ. ಪಾಠದ ಮಕ್ಕಳನ್ನು ಎಂಟಕ್ಕೇ ನಿಲ್ಲಿಸುವುದು ಇದಕ್ಕಾಗಿ.

ಎರಡನೇ ಕಸುಬು ಆರಿಸುವ ಮುನ್ನ ಪಂಚಾಂಗವನ್ನೂ ಶಾಲೆಯ ಕ್ಯಾಲೆಂಡರನ್ನೂ ಪಕ್ಕಪಕ್ಕ ಇಟ್ಟು ನೋಡಿ. ಅಧಿಕಮಾಸ ಎಲ್ಲಿ ಬಿದ್ದಿದೆ ಎಂಬುದನ್ನೂ ಗಮನಿಸಿ: 2023ರಲ್ಲಿ ಆಷಾಢದ ಬೆನ್ನಿಗೇ ಅಧಿಕ ಶ್ರಾವಣ ಬಂದು, ಮದುವೆ ಇಲ್ಲದ ತಿಂಗಳು ಒಂದಲ್ಲ, ಎರಡಾದವು.